ಸರಿಯಾಗಿ ಒತ್ತಿದ್ರೂ ‘ಲೇಟ್’ ಬರ್ತಿದೆ: ವಿಂಡೋ ದೊಡ್ಡದು ಮಾಡಬೇಕಾ, ಆಫ್‌ಸೆಟ್ ಹಾಕಬೇಕಾ?

ಬೀಟ್_ಬಿಲ್ಡರ್

ಯೂನಿಟಿಯಲ್ಲಿ ನಾಲ್ಕು ಲೇನ್‌ನ ರಿದಮ್ ಗೇಮ್ ಒಂದನ್ನು ಮಾಡುತ್ತಿದ್ದೇನೆ. ನೋಟ್ ಮೇಲಿಂದ ಇಳಿದು ಗೆರೆಗೆ ಬಂದಾಗ ಕೀ ಒತ್ತಬೇಕು, ಅಷ್ಟೇ ಆಟ. ಈಗಿರುವ ವಿಂಡೋಗಳು: ಪರ್ಫೆಕ್ಟ್‌ಗೆ ±30 ಮಿಲಿಸೆಕೆಂಡ್, ಗ್ರೇಟ್‌ಗೆ ±60, ಗುಡ್‌ಗೆ ±100. ಅದರಾಚೆ ಹೋದರೆ ಮಿಸ್.

ಆಡಿ ನೋಡಿದವರೆಲ್ಲ ಒಂದೇ ದೂರು ಹೇಳುತ್ತಾರೆ. ಹಾಡಿಗೆ ಸರಿಯಾಗಿಯೇ ಒತ್ತಿದ್ದೇನೆ, ಆದರೂ ಲೇಟ್ ಅಂತ ತೋರಿಸುತ್ತೆ ಅಂತ. ಹಾಗಾಗಿ ಪ್ರತಿ ಟ್ಯಾಪ್‌ನ ವ್ಯತ್ಯಾಸವನ್ನೂ ಫೈಲ್‌ಗೆ ಬರೆಸಲು ಶುರುಮಾಡಿದೆ. ಟ್ಯಾಪ್ ಮಾಡಿದ ಹೊತ್ತಿನಿಂದ ನೋಟ್‌ನ ಹೊತ್ತನ್ನು ಕಳೆದ ಲೆಕ್ಕ ಅದು. ಪ್ಲಸ್ ಬಂದರೆ ತಡ, ಮೈನಸ್ ಬಂದರೆ ಬೇಗ. ಚೆನ್ನಾಗಿ ಆಡುವ ಒಬ್ಬರ ಲೆಕ್ಕದಲ್ಲಿ ಸರಾಸರಿ +38 ಮಿಲಿಸೆಕೆಂಡ್, ಸ್ಟ್ಯಾಂಡರ್ಡ್ ಡೀವಿಯೇಷನ್ 19. ಪರ್ಫೆಕ್ಟ್ ಸಿಕ್ಕಿದ್ದು ಮೂರರಲ್ಲಿ ಒಂದಕ್ಕೆ ಮಾತ್ರ.

ಪರ್ಫೆಕ್ಟ್ ವಿಂಡೋವನ್ನು ±60 ಮಾಡಿ ನೋಡಿದೆ. ಈಗ ಶೇ. 88ರಷ್ಟು ಪರ್ಫೆಕ್ಟ್ ಬರುತ್ತಿದೆ, ಅವರಿಗೂ ಖುಷಿ. ಆದರೆ ಹೊಸದೊಂದು ಕಿರಿಕಿರಿ ಶುರುವಾಗಿದೆ. ನೋಟ್ ಗೆರೆ ಮುಟ್ಟುವ ಮೊದಲೇ, ಬೇಕಂತಲೇ ಬೇಗ ಒತ್ತಿದರೂ ಪರ್ಫೆಕ್ಟ್ ಬರುತ್ತೆ. ಆಟ ಸಡಿಲ ಅನಿಸುತ್ತೆ. ಇದನ್ನು ಹೀಗೇ ಬಿಡಬಹುದಾ? ಇಲ್ಲಾ ಬೇರೆ ದಾರಿ ಇದೆಯಾ?

ಸುಲಭಮೋಡ್

ಹೊಸಬರು ಆಡಬೇಕು ಅಂದ್ರೆ ±30 ತುಂಬಾ ಕಷ್ಟ ಗುರು. ±60 ಇಟ್ಟುಕೊಳ್ಳಿ, ಏನೂ ತೊಂದರೆ ಇಲ್ಲ. ಇನ್ನೂ ಬೇಕಿದ್ರೆ ಈಸಿ, ಹಾರ್ಡ್ ಅಂತ ಎರಡು ಮಟ್ಟ ಕೊಡಿ. ಸ್ಟೆಪ್‌ಮೇನಿಯಾದಲ್ಲೂ ಜಡ್ಜ್ ಮಟ್ಟ ಬದಲಾಯಿಸೋಕೆ ಬರುತ್ತೆ, ಓಸುದಲ್ಲಿ OD ಇದೆ. OD 5ಕ್ಕೆ 300 ಸಿಗೋ ವಿಂಡೋ ±50, OD 8ಕ್ಕೆ ಬಂದ್ರೆ ±32. ಎಲ್ಲರೂ ಮಾಡಿರೋದನ್ನೇ ನೀವೂ ಮಾಡಿ.

ಸ್ಯಾಂಪಲ್48

ಸುಲಭಮೋಡ್ ಅವರು ಕೊಟ್ಟ ಅಂಕಿಗಳು ಸರಿ ಇವೆ. ಆದರೆ ಇಲ್ಲಿ ಕೇಳಿರುವುದು ಕಷ್ಟ, ಸುಲಭದ ಪ್ರಶ್ನೆ ಅಲ್ಲ ಅನಿಸುತ್ತೆ.

ಬೀಟ್_ಬಿಲ್ಡರ್, ನಿಮ್ಮ ಎರಡು ಅಂಕಿಗಳನ್ನು ಬೇರೆ ಬೇರೆಯಾಗಿ ನೋಡಿ. 19 ಅನ್ನೋದು ಆ ಆಟಗಾರರ ಕೈ ಎಷ್ಟು ಅಲುಗುತ್ತೆ ಅನ್ನೋದರ ಅಳತೆ. +38 ಅನ್ನೋದು ಇಡೀ ಗುಂಪು ಎಷ್ಟು ಪಕ್ಕಕ್ಕೆ ಸರಿದಿದೆ ಅನ್ನೋದು. ವಿಂಡೋ ಇರುವುದು ಮೊದಲನೆಯದಕ್ಕೆ, ಆಫ್‌ಸೆಟ್ ಇರುವುದು ಎರಡನೆಯದಕ್ಕೆ.

ಈಗ ಲೆಕ್ಕ ಹಾಕಿ. ಅವರ ಟ್ಯಾಪ್‌ಗಳ ನಡುಮಧ್ಯೆ +38ರಲ್ಲಿದೆ. ನಿಮ್ಮ ±60 ವಿಂಡೋ −60ರಿಂದ +60ರವರೆಗೆ ಹರಡಿದೆ. ಅಂದ್ರೆ ಅವರ ಕಿವಿಯ ಪ್ರಕಾರ ಅದು 98 ಬೇಗದಿಂದ 22 ತಡದವರೆಗೆ. ತಡವಾದ ಕಡೆ ನಿಮ್ಮ ಹಳೆಯ ±30ಕ್ಕಿಂತಲೂ ಬಿಗಿ, ಬೇಗದ ಕಡೆ ಮೂರು ಪಟ್ಟಿಗಿಂತ ಜಾಸ್ತಿ ಸಡಿಲ. ಬೇಗ ಒತ್ತಿದ್ರೂ ಪರ್ಫೆಕ್ಟ್ ಬರೋದಕ್ಕೆ ಇದೇ ಕಾರಣ.

ಬದಲಿಗೆ ±30 ಹಾಗೇ ಇಟ್ಟು, ಆ 38ನ್ನು ಮಾತ್ರ ಕಳೆದುಬಿಡಿ. ಹರವು 19 ಇರುವ ಆಟಗಾರರಿಗೆ ಆಗ ಶೇ. 88, 89ರಷ್ಟು ಪರ್ಫೆಕ್ಟ್ ಬರುತ್ತೆ. ±60 ಮಾಡಿದಾಗ ಬಂದಷ್ಟೇ! ಆದರೆ ಈ ಸಲ ಎರಡೂ ಕಡೆ ಸಮ ಇರುತ್ತೆ.

ಒಂದು ಪ್ರಶ್ನೆ. ಟ್ಯಾಪ್‌ನ ಹೊತ್ತನ್ನು ಎಲ್ಲಿಂದ ತಗೊಳ್ತಿದ್ದೀರಿ? ನೇರವಾಗಿ `AudioSettings.dspTime` ಓದ್ತಿದ್ದೀರಾ?

ನೋಟ್‌ಚಾರ್ಟ್

ಇಷ್ಟೆಲ್ಲ ತಲೆ ಕೆಡಿಸ್ಕೋಬೇಡಿ. ಹಾಡು ಎಂಪಿ3 ಇದೆಯಾ ನೋಡಿ. ಎಂಪಿ3 ಫೈಲ್‌ನ ಶುರುವಿನಲ್ಲಿ ಎನ್‌ಕೋಡರ್ ಒಂದಿಷ್ಟು ಖಾಲಿ ಜಾಗ ಸೇರಿಸುತ್ತೆ, ಅದೇ ತಡ. ಓಗ್‌ಗೆ ಬದಲಾಯಿಸಿ, ಎಲ್ಲ ಸರಿಹೋಗುತ್ತೆ. ಚಾರ್ಟ್ ಮಾಡೋರಿಗೆಲ್ಲ ಇದು ಗೊತ್ತಿರೋ ವಿಷಯ.

ಬೀಟ್_ಬಿಲ್ಡರ್

@ಸ್ಯಾಂಪಲ್48 ಹೌದು, `Update` ಒಳಗೆ ಕೀ ಒತ್ತಿದೆಯಾ ಅಂತ ನೋಡಿ, ಅಲ್ಲೇ `dspTime` ಓದಿ, ಹಾಡು ಶುರುವಾದ ಹೊತ್ತನ್ನು ಕಳೆಯುತ್ತೇನೆ. ಹಾಡನ್ನು `PlayScheduled` ಬಳಸಿ ಶುರುಮಾಡುತ್ತೇನೆ, ಹಾಗಾಗಿ ಶುರುವಿನ ಹೊತ್ತು ಖಚಿತವಾಗಿ ಗೊತ್ತಿದೆ. ಬಫರ್ ಸೈಜ್ 1024, ಸ್ಯಾಂಪಲ್ ರೇಟ್ 48000.

@ನೋಟ್‌ಚಾರ್ಟ್ ಹೆಚ್ಚಿನ ಹಾಡು ಓಗ್‌ನಲ್ಲೇ ಇವೆ. ಒಂದು ಮಾತ್ರ ಎಂಪಿ3.

ಸ್ಯಾಂಪಲ್48

ಹಾಗಾದ್ರೆ ಮೊದಲು ಗಡಿಯಾರ ಸರಿಮಾಡೋಣ, ಆಮೇಲೆ ಕ್ಯಾಲಿಬ್ರೇಶನ್.

`dspTime` ಒಂದೇ ಸಮನೆ ಓಡುವುದಿಲ್ಲ. ಆಡಿಯೊ ಥ್ರೆಡ್ ಒಂದು ಬಫರ್ ತುಂಬಿಸಿದಾಗ ಮಾತ್ರ ಮುಂದೆ ಜಿಗಿಯುತ್ತೆ. 1024 ಸ್ಯಾಂಪಲ್ ಅಂದ್ರೆ 48000ಕ್ಕೆ 21.3 ಮಿಲಿಸೆಕೆಂಡ್. ನೀವು ಬರೆಸಿರೋ ಕಚ್ಚಾ ಟ್ಯಾಪ್ ಹೊತ್ತುಗಳನ್ನೇ ತೆಗೆದು ನೋಡಿ. ಯಾವ ಎರಡನ್ನು ಕಳೆದರೂ ಉತ್ತರ 21.3ರ ಗುಣಕವೇ ಆಗಿರುತ್ತೆ. ಇದು ಕಂಡರೆ ರೋಗ ಖಚಿತ.

ಇದರ ಮೇಲೆ ಇನ್ನೊಂದು: `Update`ನಲ್ಲಿ ಕೀ ನೋಡಿದರೆ, ಒತ್ತಿದ ಗಳಿಗೆ ಸಿಗೋದಿಲ್ಲ, ಮುಂದಿನ ಫ್ರೇಮ್‌ನ ಗಳಿಗೆ ಸಿಗುತ್ತೆ. 60 ಫ್ರೇಮ್‌ಗೆ ಇದು 0ರಿಂದ 16.7 ಮಿಲಿಸೆಕೆಂಡ್‌ವರೆಗೆ ಎಷ್ಟಾದರೂ ಇರಬಹುದು.

ಈ ಎರಡೂ ಸೇರಿ ಸುಮಾರು 8 ಮಿಲಿಸೆಕೆಂಡ್ ಹರವು ಕೂಡಿಸುತ್ತವೆ. ಹರವುಗಳು ನೇರವಾಗಿ ಕೂಡೋದಿಲ್ಲ, ವರ್ಗ ಮಾಡಿ ಕೂಡಬೇಕು. ಹಾಗಾಗಿ ನಿಮ್ಮ ಆಟಗಾರರ 19ರಲ್ಲಿ ಅವರ ಕೈಯದ್ದು 17ರಷ್ಟು. ಅಷ್ಟೇನಾ ಅನಿಸಬಹುದು. ಆದರೆ ನಿಜವಾಗಿ ಪಳಗಿದವರ ಹರವು 10 ಅಂತ ಇಟ್ಟುಕೊಳ್ಳಿ. ಅವರದ್ದು ನಿಮ್ಮ ಆಟದಲ್ಲಿ 13ರ ಹತ್ತಿರ ಕಾಣುತ್ತೆ. ±20ರ ಬಿಗಿ ವಿಂಡೋದಲ್ಲಿ ಶೇ. 95 ಸಿಗಬೇಕಾದವರಿಗೆ 88 ಸಿಗುತ್ತೆ. ಚೆನ್ನಾಗಿ ಆಡೋರೇ ಮೊದಲು ಸಿಟ್ಟಾಗೋದು ಅದಕ್ಕೇ. ಅವರು ತಪ್ಪು ಮಾಡದ ಕಡೆ ಆಟ ತಪ್ಪು ತೋರಿಸುತ್ತೆ. ಆಫ್‌ಸೆಟ್ ಎಷ್ಟೇ ತಿರುಗಿಸಿದರೂ ಇದು ಹೋಗೋದಿಲ್ಲ.

ಸರಿಮಾಡೋದು ಹೀಗೆ. ನಿಮ್ಮದೇ ಒಂದು ಗಡಿಯಾರ ಇಟ್ಟುಕೊಳ್ಳಿ. ಅದು ಸಿಸ್ಟಮ್ ಸಮಯದ ಜೊತೆ ಓಡಲಿ, ಪ್ರತಿ ಫ್ರೇಮ್‌ನಲ್ಲೂ ಸ್ವಲ್ಪವೇ ಸ್ವಲ್ಪ `dspTime` ಕಡೆಗೆ ಎಳೆಯಿರಿ. ಟ್ಯಾಪ್‌ಗೆ ಹೊಸ ಇನ್‌ಪುಟ್ ಸಿಸ್ಟಮ್ ಕೊಡುವ `ctx.time` ಬಳಸಿ.

```csharp
void Update() {
    double now = Time.realtimeSinceStartupAsDouble;
    smooth += now - last;
    last = now;
    smooth += (AudioSettings.dspTime - startDsp - smooth) * 0.02;
}

// ಟ್ಯಾಪ್ ಬಂದಾಗ
double tapSong = smooth + (ctx.time - last);
double err = tapSong - noteTime - offset;
```

ಹಾಡು ಶುರುವಾಗುವಾಗ `smooth` ಮತ್ತು `last` ಎರಡನ್ನೂ ಆಗಿನ ಸರಿಯಾದ ಬೆಲೆಗೆ ಹೊಂದಿಸಿ. ಆ 0.02 ಎಳೆತ ಬೇಡ, ಸಿಸ್ಟಮ್ ಸಮಯ ಒಂದೇ ಸಾಕು ಅಂತ ಬಿಡಬೇಡಿ. ಸೌಂಡ್ ಕಾರ್ಡ್‌ನ ಗಡಿಯಾರ, ಸಿಸ್ಟಮ್ ಗಡಿಯಾರ ಎರಡೂ ಬೇರೆ ಬೇರೆ. ಹತ್ತು ಲಕ್ಷಕ್ಕೆ 50ರಷ್ಟು ವ್ಯತ್ಯಾಸ ಇದ್ದರೂ ಮೂರು ನಿಮಿಷದ ಹಾಡಿನ ಕೊನೆಗೆ 9 ಮಿಲಿಸೆಕೆಂಡ್ ಜಾರಿರುತ್ತೆ. ಹಾಡಿನ ಉದ್ದಕ್ಕೂ ವ್ಯತ್ಯಾಸಗಳನ್ನು ಚುಕ್ಕಿ ಇಟ್ಟು ನೋಡಿದರೆ, ಓರೆಯಾದ ಗೆರೆ ಕಂಡರೆ ಅದು ಈ ಜಾರಾಟ. ಮಟ್ಟವಾಗಿದ್ದು ಸೊನ್ನೆಯಿಂದ ದೂರ ಇದ್ದರೆ ಆಫ್‌ಸೆಟ್.

ಕೆಲವು ಸಾಧನಗಳಲ್ಲಿ `ctx.time` ಕೂಡ ಫ್ರೇಮ್‌ಗೆ ಅಂಟಿಕೊಂಡೇ ಬರಬಹುದು. ಅದನ್ನೂ ಹಾಗೇ ಕಚ್ಚಾ ಅಂಕಿ ಕಳೆದು ಪರೀಕ್ಷಿಸಿ.

ನೋಟ್‌ಚಾರ್ಟ್ ಹೇಳಿದ್ದಕ್ಕೆ ಆಮೇಲೆ ಬರ್ತೀನಿ, ಅದರಲ್ಲೂ ವಿಷಯ ಇದೆ.

ಇಯರ್‌ಫೋನ್_ಪ್ರೇಮಿ

ನಂದೂ ಇದೇ ಸಮಸ್ಯೆ! ನಾನು ಗೇಮ್ ಮಾಡೋನಲ್ಲ, ಬರೀ ಆಡೋನು. ಬ್ಲೂಟೂತ್ ಇಯರ್‌ಫೋನ್ ಹಾಕ್ಕೊಂಡು ಮೊಬೈಲ್‌ನಲ್ಲಿ ಒಂದು ರಿದಮ್ ಗೇಮ್ ಆಡ್ತೀನಿ. ಕ್ಯಾಲಿಬ್ರೇಶನ್ ಮಾಡಿದ್ರೆ 210 ಬರುತ್ತೆ. ಅದನ್ನ ಹಾಕಿದ ಮೇಲೆ ಜಡ್ಜ್‌ಮೆಂಟ್ ಸರಿ ಬರುತ್ತೆ, ಒಪ್ಪಿದೆ. ಆದ್ರೆ ನಾನು ಒತ್ತಿದ ‘ಟಕ್’ ಸದ್ದು ಮಾತ್ರ ಒತ್ತಿ ಆದ್ಮೇಲೆ ಎಷ್ಟೋ ಹೊತ್ತಿಗೆ ಕೇಳುತ್ತೆ. ಇನ್ನೂ ಎಷ್ಟು ಆಫ್‌ಸೆಟ್ ಹಾಕಬೇಕು?

ಸ್ಯಾಂಪಲ್48

ಇನ್ನೆಷ್ಟು ಹಾಕಿದರೂ ಅದು ಹೋಗೋದಿಲ್ಲ. ಹಾಡು ಮೊದಲೇ ಗೊತ್ತಿರುವುದರಿಂದ ಆಟ ಅದರ ತಡವನ್ನು ಲೆಕ್ಕಕ್ಕೆ ತಗೊಳ್ಳಬಹುದು. ನೀವು ಯಾವಾಗ ಒತ್ತುತ್ತೀರಿ ಅನ್ನೋದು ಆಟಕ್ಕೆ ಮೊದಲೇ ಗೊತ್ತಿರೋದಿಲ್ಲವಲ್ಲ. ಒತ್ತಿದ ಮೇಲೆ ಹುಟ್ಟುವ ಸದ್ದು ಇಯರ್‌ಫೋನ್ ತಲುಪೋಕೆ ಅಷ್ಟು ಹೊತ್ತು ಬೇಕೇ ಬೇಕು. ಸೆಟ್ಟಿಂಗ್‌ನಲ್ಲಿ ಟ್ಯಾಪ್ ಸದ್ದು ಆಫ್ ಮಾಡೋಕೆ ಬಂದರೆ ಆಫ್ ಮಾಡಿ, ಇಲ್ಲಾ ತಂತಿಯ ಇಯರ್‌ಫೋನ್ ಹಾಕಿ. ಕೆಲವು ಆಟಗಳು ಈ ಸದ್ದನ್ನು ಚಾರ್ಟ್ ಪ್ರಕಾರ ಹಾಡಿನ ಜೊತೆಗೇ ನುಡಿಸುತ್ತವೆ. ಆಗ ತಡ ಕೇಳೋದಿಲ್ಲ, ಆದರೆ ನೀವು ತಪ್ಪಿ ಒತ್ತಿದ್ರೂ ಸದ್ದು ಸರಿಯಾದ ಜಾಗದಲ್ಲೇ ಕೇಳುತ್ತೆ.

ಬೀಟ್_ಬಿಲ್ಡರ್, ಇದರಿಂದ ನಿಮಗೂ ಒಂದು ವಿಷಯ. ಕ್ಯಾಲಿಬ್ರೇಶನ್ ಪರದೆಯಲ್ಲಿ ಟ್ಯಾಪ್ ಸದ್ದು ಇಡಲೇಬೇಡಿ. ತನ್ನ ಟ್ಯಾಪ್ ತಡವಾಗಿ ಕೇಳಿದರೆ ಮನುಷ್ಯ ತನಗೇ ಗೊತ್ತಿಲ್ಲದೆ ಬೇಗ ಒತ್ತಲು ಶುರುಮಾಡುತ್ತಾನೆ. ಅಳತೆ ಕೆಡುತ್ತೆ. ಆಫ್‌ಸೆಟ್‌ನ್ನು ಸಾಧನದ ಪ್ರಕಾರ ಬೇರೆ ಬೇರೆ ಉಳಿಸಿ. ಸ್ಪೀಕರ್‌ಗೆ ಅಳೆದದ್ದು ಬ್ಲೂಟೂತ್‌ಗೆ ಆಗಿಬರೋದಿಲ್ಲ.

ಬೀಟ್_ಬಿಲ್ಡರ್

ನೀವು ಹೇಳಿದ ಹಾಗೇ ಇತ್ತು. ಕಚ್ಚಾ ಹೊತ್ತುಗಳ ವ್ಯತ್ಯಾಸ ಎಲ್ಲವೂ 21.3ರ ಗುಣಕ. ಗಡಿಯಾರ ಬದಲಾಯಿಸಿ, ಅದೇ ಆಟಗಾರರಿಂದ ಅದೇ ಹಾಡು ಆಡಿಸಿದೆ. ಹರವು 19ರಿಂದ 17ಕ್ಕೆ ಇಳಿಯಿತು. ಸರಾಸರಿ +40 ಆಗಿದೆ.

ಇನ್ನು ಈ 40ನ್ನೇ `offset`ಗೆ ಹಾಕಿದರೆ ಮುಗೀತಲ್ವಾ?

ಸ್ಯಾಂಪಲ್48

ಆ ಒಬ್ಬರಿಗೆ, ಆ ಒಂದು ಕಂಪ್ಯೂಟರ್‌ನಲ್ಲಿ ಜಡ್ಜ್‌ಮೆಂಟ್ ಸರಿಹೋಗಬಹುದು. ಆದರೆ ಆ 40 ಎಲ್ಲಿಂದ ಬಂತು ಅಂತ ನೋಡಬೇಕು. ಅವರು ಕಿವಿ ನಂಬಿ ಒತ್ತಿದ್ರಾ, ಕಣ್ಣು ನಂಬಿ ಒತ್ತಿದ್ರಾ?

ಕಿವಿ ನಂಬಿದರೆ ವ್ಯತ್ಯಾಸದಲ್ಲಿ ಸೇರುವುದು ಸದ್ದಿನ ತಡ ಮತ್ತು ಕೀ ತಡ. ಕಣ್ಣು ನಂಬಿದರೆ ಪರದೆಯ ತಡ ಮತ್ತು ಕೀ ತಡ. ಸದ್ದು ಮತ್ತು ಪರದೆಯ ತಡ ಒಂದೇ ಇರೋದಿಲ್ಲ. ಆಡುವವರು ಎರಡನ್ನೂ ಬೆರೆಸಿ ಒತ್ತುತ್ತಾರೆ, ಹಾಗಾಗಿ ನಿಮ್ಮ 40 ಎರಡರ ನಡುವಿನ ಯಾವುದೋ ಒಂದು ಜಾಗ.

ಎರಡು ಪರೀಕ್ಷೆ ಬೇರೆ ಬೇರೆಯಾಗಿ ಮಾಡಿ. ಮೊದಲನೆಯದು ಕಿವಿಗೆ: ಪರದೆ ಖಾಲಿ, ಅರ್ಧ ಸೆಕೆಂಡಿಗೊಂದು ಕ್ಲಿಕ್, ಅದಕ್ಕೆ ಸರಿಯಾಗಿ ಟ್ಯಾಪ್. ಎರಡನೆಯದು ಕಣ್ಣಿಗೆ: ಸದ್ದಿಲ್ಲ, ನೋಟ್ ಇಳಿದು ಗೆರೆ ಮುಟ್ಟಿದಾಗ ಟ್ಯಾಪ್. ಇಲ್ಲಿ ಮಿಂಚುವ ದೀಪ ತೋರಿಸಬೇಡಿ. ದೀಪ ಕಂಡರೆ ಜನ ಅದಕ್ಕೆ ಪ್ರತಿಕ್ರಿಯಿಸುತ್ತಾರೆ, ಅದು ಇನ್ನೂರು ಮಿಲಿಸೆಕೆಂಡ್ ತಡ. ಇಳಿಯುವ ನೋಟ್ ಕಂಡರೆ ಮೊದಲೇ ಅಂದಾಜು ಮಾಡುತ್ತಾರೆ, ಆಟದಲ್ಲಿ ಮಾಡುವಂತೆಯೇ. ಎರಡರಲ್ಲೂ ಮೊದಲ ನಾಲ್ಕೈದು ಟ್ಯಾಪ್ ಬಿಟ್ಟುಬಿಡಿ, ಉಳಿದದ್ದಕ್ಕೆ ಸರಾಸರಿಯ ಬದಲು ಮೀಡಿಯನ್ ತಗೊಳ್ಳಿ. ಒಂದು ಟ್ಯಾಪ್ ಪೂರ್ತಿ ತಪ್ಪಿದ್ರೂ ಮೀಡಿಯನ್ ಅಲುಗೋದಿಲ್ಲ.

ಬೀಟ್_ಬಿಲ್ಡರ್

ಮಾಡಿ ನೋಡಿದೆ. ಕಿವಿಯದ್ದು +54. ಕಣ್ಣಿನದ್ದು +23.

ಸ್ಯಾಂಪಲ್48

ಚೆನ್ನಾಗಿದೆ, 40 ಇವೆರಡರ ನಡುವೆಯೇ ಬಂದಿದೆ ನೋಡಿ. ಕೀ ತಡ ಎರಡರಲ್ಲೂ ಇದೆ, ಕಳೆದರೆ ಹೋಗುತ್ತೆ. 54ರಲ್ಲಿ 23 ಕಳೆದರೆ 31. ಅಂದ್ರೆ ಅವರ ಕಂಪ್ಯೂಟರ್‌ನಲ್ಲಿ ಸದ್ದು ಚಿತ್ರಕ್ಕಿಂತ 31 ಮಿಲಿಸೆಕೆಂಡ್ ಹಿಂದೆ ಬೀಳುತ್ತಿದೆ. ನೋಟ್ ಗೆರೆ ಮುಟ್ಟೋದು ಒಂದು ಹೊತ್ತು, ಬೀಟ್ ಕೇಳೋದು ಇನ್ನೊಂದು ಹೊತ್ತು. ಯಾವುದನ್ನು ನಂಬಿದರೂ ಇನ್ನೊಂದು ಎಳೆಯುತ್ತೆ.

ಸದ್ದನ್ನು ಬೇಗ ಮಾಡೋಕೆ ಆಗೋದಿಲ್ಲ, ಚಿತ್ರವನ್ನು ತಡ ಮಾಡಬಹುದು. ನೋಟ್ ಎಲ್ಲಿರಬೇಕು ಅಂತ ಲೆಕ್ಕ ಹಾಕುವಾಗ ಹಾಡಿನ ಹೊತ್ತಿನಿಂದ 31 ಕಳೆಯಿರಿ. ಜಡ್ಜ್‌ಮೆಂಟ್‌ನ `offset`ಗೆ 54 ಹಾಕಿ. ಈಗ ಕಿವಿ, ಕಣ್ಣು ಎರಡೂ ಒಂದೇ ಗಳಿಗೆ ಹೇಳುತ್ತವೆ. ಟೀವಿಗೆ ಹಾಕಿದಾಗ ಚಿತ್ರವೇ ಹಿಂದೆ ಬೀಳಬಹುದು. ಆಗ ಕಳೆದದ್ದು ಮೈನಸ್ ಬರುತ್ತೆ, ನೋಟ್ ಮುಂದಕ್ಕೆ ಹೋಗುತ್ತೆ. ಸೂತ್ರ ಅದೇ.

ಪ್ಲಸ್, ಮೈನಸ್ ಅದಲುಬದಲಾಗಿದೆಯಾ ಅಂತ ತಿಳಿಯೋದು ಸುಲಭ. ಆಫ್‌ಸೆಟ್ ಹಾಕಿದ ಮೇಲೆ ಮೀಡಿಯನ್ ಸೊನ್ನೆಗೆ ಬರದೆ ಎರಡು ಪಟ್ಟಾದರೆ ಚಿಹ್ನೆ ತಿರುಗಿದೆ ಅಂತ.

ಬಫರ್ ಸೈಜ್ ಕೂಡ 1024ರಿಂದ 512ಕ್ಕೆ ಇಳಿಸಿ ನೋಡಿ. ಸದ್ದಿನಲ್ಲಿ ಚಟಪಟ ಬಾರದಿದ್ರೆ ಹಾಗೇ ಇರಲಿ. ಇಳಿಸಿದ್ರೆ ಎರಡೂ ಪರೀಕ್ಷೆ ಮತ್ತೆ ಮಾಡಬೇಕು.

ಡ್ರಮ್‌ಕೋಲು

ಒಂದು ಮಾತು ಸೇರಿಸಬಹುದಾ? ನಾನು ಡ್ರಮ್ಸ್ ನುಡಿಸ್ತೀನಿ, ಹೇಳಿಕೊಡ್ತೀನಿ ಕೂಡ. ಬರೀ ಕ್ಲಿಕ್‌ಗೆ ತಟ್ಟಿ ಅಂದ್ರೆ ಜನ ಕ್ಲಿಕ್ ಬರೋಕೆ ಮುಂಚೆಯೇ ತಟ್ಟುತ್ತಾರೆ. ಹೊಸಬರಲ್ಲಿ ಇದು 20ರಿಂದ 50 ಮಿಲಿಸೆಕೆಂಡ್ ಇರೋದು ಸಾಮಾನ್ಯ. ಅವರಿಗೆ ಅದು ಸರಿಯಾಗಿ ಕೂತ ಹಾಗೇ ಅನಿಸುತ್ತೆ. ಕಲಿತವರಲ್ಲಿ ಕಡಿಮೆ, ಆದರೆ ಪೂರ್ತಿ ಹೋಗೋದಿಲ್ಲ. ಕ್ಲಿಕ್‌ಗಳ ನಡುವೆ ಅಂತರ ಹೆಚ್ಚಾದಷ್ಟೂ ಇದೂ ಹೆಚ್ಚುತ್ತೆ. ನಡುವೆ ಸಣ್ಣ ಸಣ್ಣ ಏಟು ತುಂಬಿದ್ರೆ, ಪೂರ್ತಿ ಹಾಡು ಓಡ್ತಿದ್ರೆ ಕಡಿಮೆಯಾಗುತ್ತೆ.

ಹಾಗಾಗಿ ನಿಮ್ಮ 54ರಲ್ಲಿ ಈ ಬೇಗತನವೂ ಸೇರಿಕೊಂಡಿದೆ. ನಿಜವಾದ ತಡ ಅದಕ್ಕಿಂತ ಜಾಸ್ತಿ. ಆಟಕ್ಕೆ ಬಂದಾಗ ಹಾಡು ತುಂಬಿಕೊಂಡಿರೋದ್ರಿಂದ ಅವರು ಅಷ್ಟು ಬೇಗ ತಟ್ಟಲ್ಲ. ಮತ್ತೆ ‘ಲೇಟ್’ ಕಡೆಗೆ ಸ್ವಲ್ಪ ವಾಲುತ್ತೆ ಅಂತ ನನ್ನ ಊಹೆ.

ಬೀಟ್_ಬಿಲ್ಡರ್

ಸರಿಯಾಗಿ ಹೇಳಿದ್ರಿ! 54 ಮತ್ತು 31 ಹಾಕಿ ಐದಾರು ಹಾಡು ಆಡಿಸಿದೆ. ಮೀಡಿಯನ್ ಸೊನ್ನೆಗೆ ಬರಲಿಲ್ಲ, +9ರ ಆಸುಪಾಸಿನಲ್ಲಿ ನಿಂತಿದೆ. ಹರವು ಮಾತ್ರ 15ಕ್ಕೆ ಇಳಿದಿದೆ. ಕಣ್ಣು, ಕಿವಿ ಒಂದಾದದ್ದೇ ಕಾರಣ ಇರಬೇಕು. ಆಡಿದವರು ‘ಈಗ ಒತ್ತಿದ ಹಾಗೆ ಅನಿಸುತ್ತೆ’ ಅಂದರು.

ಒಂದು ಹಾಡು ಮಾತ್ರ +34 ತೋರಿಸುತ್ತಿದೆ. ಅದೇ ಆ ಎಂಪಿ3.

ನೋಟ್‌ಚಾರ್ಟ್

ನಾನು ಹೇಳಿದ್ನಲ್ಲ!

ಸ್ಯಾಂಪಲ್48

ಆ ಒಂದು ಹಾಡಿಗೆ ನೀವು ಹೇಳಿದ್ದು ಪೂರ್ತಿ ಸರಿ. 34ರಲ್ಲಿ ಎಲ್ಲ ಹಾಡಿಗೂ ಇರುವ 9 ಕಳೆದರೆ 25. ಲೇಮ್ ಎನ್‌ಕೋಡರ್ ಶುರುವಿನಲ್ಲಿ 576 ಸ್ಯಾಂಪಲ್ ಸೇರಿಸುತ್ತೆ, ಡಿಕೋಡರ್ ಕಡೆಯಿಂದ 529 ಸೇರುತ್ತೆ. ಒಟ್ಟು 1105. 44100ಕ್ಕೆ ಅದು 25 ಮಿಲಿಸೆಕೆಂಡ್. ಕೆಲವು ಪ್ರೋಗ್ರಾಂ ಇದನ್ನು ಕತ್ತರಿಸಿ ನುಡಿಸುತ್ತವೆ, ಕೆಲವು ಕತ್ತರಿಸೋದಿಲ್ಲ. ಚಾರ್ಟ್ ಮಾಡಿದ ಎಡಿಟರ್ ಕತ್ತರಿಸಿ, ಆಟ ಕತ್ತರಿಸದೆ ಇದ್ದರೆ ಇಷ್ಟು ವ್ಯತ್ಯಾಸ ಬರುತ್ತೆ.

ಆದರೆ ಇದನ್ನು ಸಾಧನದ ಆಫ್‌ಸೆಟ್‌ನಲ್ಲಿ ಸರಿಮಾಡಬೇಡಿ, ಉಳಿದ ಹಾಡುಗಳೆಲ್ಲ ಕೆಡುತ್ತವೆ. ಆ ಹಾಡಿನ ಚಾರ್ಟ್‌ನಲ್ಲೇ ಶುರುವಿನ ಹೊತ್ತು ಸರಿಮಾಡಿ, ಇಲ್ಲಾ ಮೂಲ ಫೈಲ್‌ನಿಂದ ಓಗ್ ಮಾಡಿ. ಈಗಿರುವ ಎಂಪಿ3ಯನ್ನೇ ಓಗ್‌ಗೆ ತಿರುಗಿಸಿದರೆ ಆ ಖಾಲಿ ಜಾಗ ಹಾಗೇ ಉಳಿಯಬಹುದು. ಎಲ್ಲ ಹಾಡೂ ಒಂದೇ ಕಡೆ ವಾಲಿದರೆ ಸಾಧನ, ಒಂದೇ ಹಾಡು ವಾಲಿದರೆ ಚಾರ್ಟ್.

ಆ ಉಳಿದ 9ಕ್ಕೆ: ಹಾಡು ಮುಗಿದ ಮೇಲೆ ‘ನಿಮ್ಮ ಮೀಡಿಯನ್ +9, ಸೇರಿಸಲಾ?’ ಅಂತ ಕೇಳಿ. ಒಪ್ಪಿದರೆ 54 ಹೋಗಿ 63 ಆಗಲಿ. ಆಡುತ್ತಿರುವಾಗಲೇ ತಾನಾಗಿ ಬದಲಾಗುವ ಹಾಗೆ ಮಾತ್ರ ಮಾಡಬೇಡಿ. ಲೇಟ್ ಅಂತ ನೋಡಿ ಆಟಗಾರ ಬೇಗ ಒತ್ತಲು ಶುರುಮಾಡುತ್ತಾನೆ, ಅಷ್ಟರಲ್ಲಿ ಆಟವೂ ಸರಿದಿರುತ್ತೆ. ಒಬ್ಬರನ್ನೊಬ್ಬರು ಬೆನ್ನಟ್ಟೋದೇ ಆಗುತ್ತೆ.

ಡ್ರಮ್‌ಕೋಲು

ಇದಕ್ಕೆ ನನ್ನ ಒಪ್ಪಿಗೆ ಇಲ್ಲ. ಆ 9 ಆಟಗಾರನದ್ದು, ಸಾಧನದ್ದಲ್ಲ. ಅದನ್ನೂ ಕಳೆದುಬಿಟ್ಟರೆ ಯಾವಾಗಲೂ ಹಿಂದೆ ಬೀಳುವವನಿಗೆ ತಾನು ಹಿಂದೆ ಬೀಳ್ತೀನಿ ಅಂತ ಗೊತ್ತಾಗೋದೇ ಇಲ್ಲ. ನನ್ನ ವಿದ್ಯಾರ್ಥಿಗಳಿಗೆ ನಾನು ಹೇಳಿಕೊಡೋದೇ ಅದನ್ನ. ಕ್ಲಿಕ್ ಪರೀಕ್ಷೆಯ ಬದಲು ನಡುವೆ ಸಣ್ಣ ಏಟುಗಳಿರುವ ಸಣ್ಣ ಲೂಪ್ ಹಾಕಿ ಅಳೆಯಿರಿ, ಆ ಅಂಕಿಯನ್ನು ಅಲ್ಲಿಗೇ ಬಿಡಿ.

ಸ್ಯಾಂಪಲ್48

ಲೂಪ್ ಒಳ್ಳೆಯ ಸಲಹೆ, ನಾನೂ ಅದನ್ನೇ ಬಳಸ್ತೀನಿ. ಆದರೆ ಟ್ಯಾಪ್ ಮಾಡಿ ಅಳೆಯುವಾಗ ಆಟಗಾರ ಎಲ್ಲಿ ಮುಗಿದ, ಸಾಧನ ಎಲ್ಲಿ ಶುರುವಾಯ್ತು ಅಂತ ಬೇರ್ಪಡಿಸೋಕೆ ಆಗೋದಿಲ್ಲ. ಬೇರ್ಪಡಿಸಬೇಕು ಅಂದ್ರೆ ಮೈಕ್ ಇಟ್ಟು ಕೀ ಸದ್ದು, ಸ್ಪೀಕರ್ ಸದ್ದು ಎರಡನ್ನೂ ರೆಕಾರ್ಡ್ ಮಾಡಿ ಅಳೆಯಬೇಕು. ಪ್ರತಿ ಆಟಗಾರನೂ ಅದನ್ನು ಮಾಡೋದಿಲ್ಲ. ಕಲಿಸುವ ಆಟ ಆದರೆ ನಿಮ್ಮ ಮಾತು ಸರಿ ಇರಬಹುದು. ಆಡುವ ಆಟಕ್ಕೆ ನಾನು ಸೇರಿಸಲಾ ಅಂತ ಕೇಳೋದನ್ನೇ ಇಡ್ತೀನಿ.

ಬೀಟ್_ಬಿಲ್ಡರ್

ಕೇಳುವ ಪೆಟ್ಟಿಗೆ ಇಡ್ತೀನಿ, ಆಫ್ ಮಾಡೋಕೂ ದಾರಿ ಕೊಡ್ತೀನಿ. ಈಗ ವಿಂಡೋಗಳಿಗೆ ವಾಪಸ್ ಬರೋಣ. ಆಫ್‌ಸೆಟ್ ಹಾಕಿದ ಮೇಲೆ ±30ರಲ್ಲಿ ಹರವು 15 ಇರುವವರಿಗೆ ಶೇ. 95 ಪರ್ಫೆಕ್ಟ್ ಬರುತ್ತಿದೆ. ಈಗ ಜಾಸ್ತಿ ಸುಲಭ ಆಯ್ತು ಅನಿಸುತ್ತೆ. ಎಷ್ಟಕ್ಕೆ ಇಳಿಸಲಿ?

ಸ್ಯಾಂಪಲ್48

ಒಬ್ಬರ ಹರವು ನೋಡಿ ಇಡಬೇಡಿ, ಐದಾರು ಜನರದ್ದು ತಗೊಳ್ಳಿ. ಎಲ್ಲರನ್ನೂ ಅವರವರ ಸಾಧನದಲ್ಲಿ ಕ್ಯಾಲಿಬ್ರೇಟ್ ಮಾಡಿದ ಮೇಲೆ. ನಡುವಿನವರ ಹರವು 17 ಅಂತ ಬಂದರೆ, ಅವರಿಗೆ ಐದಕ್ಕೆ ನಾಲ್ಕು ಪರ್ಫೆಕ್ಟ್ ಬರಬೇಕು ಅಂತ ನಾನು ಇಡುವುದು. ಅದಕ್ಕೆ ಹರವಿನ 1.28 ಪಟ್ಟು, ಅಂದ್ರೆ ±22. ಸ್ಟೆಪ್‌ಮೇನಿಯಾದ ಮಾಮೂಲಿ ಸೆಟ್ಟಿಂಗ್‌ನಲ್ಲಿ ಮೇಲಿನ ವಿಂಡೋ ±22.5, ಅದರ ಕೆಳಗಿನದು ±45, ಆಮೇಲೆ ±90. ನೀವು ಅದರ ಹತ್ತಿರವೇ ಬಂದು ನಿಲ್ತೀರಿ.

ನನಗೆ ಚಿಂತೆ ಇರುವುದು ನಿಮ್ಮ ಗುಡ್‌ನ ±100ರ ಬಗ್ಗೆ. ನಿಮ್ಮ ಹಾಡುಗಳಲ್ಲಿ ಅತಿ ವೇಗದ್ದು ಎಷ್ಟು? ಒಂದೇ ಲೇನ್‌ನಲ್ಲಿ ನೋಟ್‌ಗಳು ಎಷ್ಟು ಹತ್ತಿರ ಬರುತ್ತವೆ?

ಬೀಟ್_ಬಿಲ್ಡರ್

180 ಬಿಪಿಎಂ ಒಂದಿದೆ. ಬೀಟ್‌ಗೆ ನಾಲ್ಕು ನೋಟ್, ಕೆಲವು ಕಡೆ ಒಂದೇ ಲೇನ್‌ನಲ್ಲಿ ಸಾಲಾಗಿ ಬರುತ್ತವೆ.

ಸ್ಯಾಂಪಲ್48

ಹಾಗಾದ್ರೆ ಎರಡು ನೋಟ್‌ಗಳ ನಡುವೆ 83 ಮಿಲಿಸೆಕೆಂಡ್. ವಿಂಡೋ ±100. ಅಂದ್ರೆ ಒಂದು ನೋಟ್‌ನ ವಿಂಡೋ ಮುಂದಿನ ನೋಟ್‌ನ ಮೇಲೂ ಹೊದ್ದುಕೊಂಡಿದೆ.

ಟ್ಯಾಪ್ ಬಂದಾಗ ಆ ಲೇನ್‌ನ ಅತಿ ಹಳೆಯ ನೋಟ್‌ಗೆ ಕೊಡ್ತಿದ್ದೀರಿ ಅಂದುಕೊಂಡಿದ್ದೀನಿ, ಹೆಚ್ಚಿನವರು ಹಾಗೇ ಮಾಡೋದು. ಈಗ ಆಟಗಾರ ಸಾಲಿನ ಮೊದಲ ನೋಟ್ ಬಿಟ್ಟುಬಿಟ್ಟ ಅನ್ನಿ. ಎರಡನೆಯದನ್ನು ಸರಿಯಾದ ಗಳಿಗೆಗೆ ಒತ್ತಿದ. ಆದರೆ ಮೊದಲನೆಯದು ಇನ್ನೂ ವಿಂಡೋದಲ್ಲಿದೆ. ಟ್ಯಾಪ್ ಅದಕ್ಕೆ ಹೋಗುತ್ತೆ, +83, ಗುಡ್, ಲೇಟ್. ಮೂರನೆಯದನ್ನು ಸರಿಯಾಗಿ ಒತ್ತಿದರೆ ಅದು ಎರಡನೆಯದಕ್ಕೆ ಹೋಗುತ್ತೆ, ಮತ್ತೆ +83. ಸಾಲು ಮುಗಿಯುವವರೆಗೂ ಹೀಗೇ. ಒಂದು ಬಿಟ್ಟದ್ದಕ್ಕೆ ಉಳಿದದ್ದೆಲ್ಲ ಲೇಟ್. ಆಟಗಾರ ಇದನ್ನೂ ಆಫ್‌ಸೆಟ್ ತಪ್ಪು ಅಂತಲೇ ದೂರುತ್ತಾನೆ.

ಬೇಕಂತಲೇ ಒಂದು ನೋಟ್ ಬಿಟ್ಟು ಆಡಿ, ಲೆಕ್ಕದಲ್ಲಿ 83ರ ಗುಂಪು ಕಾಣುತ್ತಾ ನೋಡಿ. ಕಂಡರೆ ಟ್ಯಾಪ್‌ನ್ನು ಅತಿ ಹತ್ತಿರದ ನೋಟ್‌ಗೆ ಕೊಡಿ. ಹಿಂದಿನದು ಆಗಲೇ ಮಿಸ್ ಆಗಲಿ.

ಸುಲಭಮೋಡ್

ಇಲ್ಲಿ ನಾನು ಹೊಸಬರ ಪರವಾಗಿ ಮಾತಾಡಲೇಬೇಕು. ನಮ್ಮಂಥೋರು ವೇಗದ ಸಾಲಿನಲ್ಲಿ 50 ಮಿಲಿಸೆಕೆಂಡ್ ತಡ ಮಾಡೋದು ಮಾಮೂಲಿ. ಹತ್ತಿರದ ನೋಟ್‌ಗೆ ಕೊಟ್ಟರೆ ಏನಾಗುತ್ತೆ? ಮುಂದಿನ ನೋಟ್‌ಗೆ 33 ಮಾತ್ರ ದೂರ, ಹಿಂದಿನದಕ್ಕೆ 50. ಹಾಗಾಗಿ ನಾನು ಒತ್ತಿದ ನೋಟ್ ಮಿಸ್, ಕಾಂಬೋ ಹೋಯ್ತು. ಹಳೆಯ ನಿಯಮದಲ್ಲಿ ಗ್ರೇಟ್ ಬರ್ತಿತ್ತು. ಎಲ್ಲವನ್ನೂ ಒತ್ತಿ, ಮಿಸ್ ತಗೊಳ್ಳೋದು ಅನ್ಯಾಯ ಅಲ್ವಾ?

ಸ್ಯಾಂಪಲ್48

ಈ ಮಾತು ಸರಿ ಇದೆ, ನಾನು ಇದನ್ನು ತಳ್ಳಿಹಾಕಲ್ಲ. ಆಟಗಾರ ಒಂದನ್ನು ಬಿಟ್ಟನಾ, ತಡವಾಗಿ ಒತ್ತಿದನಾ ಅಂತ ಒಂದೇ ಟ್ಯಾಪ್ ನೋಡಿ ಹೇಳೋಕೆ ಆಗೋದಿಲ್ಲ. ಮಧ್ಯದ ದಾರಿ ಒಂದಿದೆ. ಹಳೆಯ ನೋಟ್ ±60ರ ಒಳಗಿದ್ದರೆ ಅದಕ್ಕೇ ಕೊಡಿ. ಅದನ್ನೂ ದಾಟಿದ್ದು, ಮುಂದಿನದು ಹತ್ತಿರ ಇದ್ದರೆ ಮಾತ್ರ ಹಳೆಯದನ್ನು ಮಿಸ್ ಮಾಡಿ ಮುಂದಕ್ಕೆ ಹೋಗಿ. ನಿಮ್ಮ 50 ತಡ ಉಳಿಯುತ್ತೆ, ಬೀಟ್_ಬಿಲ್ಡರ್‌ನ 83ರ ಸರಪಳಿ ತುಂಡಾಗುತ್ತೆ. ಇನ್ನೂ ವೇಗದ ಹಾಡಿನಲ್ಲಿ, ನೋಟ್ ಅಂತರ 60ರ ಹತ್ತಿರ ಬಂದರೆ ಇದೂ ಕೈಕೊಡುತ್ತೆ.

ಬೀಟ್_ಬಿಲ್ಡರ್

83ರ ಗುಂಪು ಕಂಡಿತು, ನೀವು ಹೇಳಿದ ಸಾಲಿನಲ್ಲೇ. 60ರ ನಿಯಮ ಹಾಕಿ ಅದೇ ಜಾಗವನ್ನು ಒಂದು ನೋಟ್ ಬಿಟ್ಟು ಆಡಿದೆ. ಈಗ ಒಂದು ಮಿಸ್, ಉಳಿದದ್ದು ಪರ್ಫೆಕ್ಟ್ ಮತ್ತು ಗ್ರೇಟ್.

ವಿಂಡೋಗಳನ್ನು ಸದ್ಯಕ್ಕೆ ±22, ±45, ±90 ಮಾಡಿದ್ದೇನೆ. ಇನ್ನು ಬೇರೆ ಬೇರೆ ಕಂಪ್ಯೂಟರ್‌ನಲ್ಲಿ ಜನರ ಹರವು ಅಳೆಯಬೇಕು. ಒಂದು ಮಾತ್ರ ಇನ್ನೂ ಗೊತ್ತಾಗುತ್ತಿಲ್ಲ. ಒತ್ತಿ ಹಿಡಿಯುವ ನೋಟ್‌ಗಳನ್ನು ಬಿಡುವಾಗ ಎಲ್ಲರ ಹರವೂ ಒತ್ತುವಾಗಿನದ್ದಕ್ಕಿಂತ ತುಂಬಾ ಜಾಸ್ತಿ ಬರುತ್ತಿದೆ, ಮೀಡಿಯನ್ ಕೂಡ ಬೇರೆ. ಬಿಡೋದಕ್ಕೆ ಬೇರೆ ವಿಂಡೋ ಸಾಕಾ, ಆಫ್‌ಸೆಟ್‌ ಕೂಡ ಬೇರೆ ಇಡಬೇಕಾ? ಮಾಡಿ ನೋಡಿದವರು ಇದ್ದರೆ ಹೇಳಿ.

ಡ್ರಮ್‌ಕೋಲು

ನಮ್ಮಲ್ಲಿ ಬಿಡೋ ಕೆಲಸವೇ ಇಲ್ಲ, ಹಾಗಾಗಿ ಕೈ ಅದನ್ನು ಕಲಿತಿರಲ್ಲ. ಹಾಡು ನಿಂತ ಮೇಲೆ ಬಿಡಬೇಕಾ, ನಿಲ್ಲುವಾಗಲೇ ಬಿಡಬೇಕಾ ಅಂತ ಜನಕ್ಕೆ ಗೊತ್ತಿರೋದೂ ಇಲ್ಲ. ನಿಮ್ಮ ಮೀಡಿಯನ್ ಯಾವ ಕಡೆ ವಾಲಿದೆ?

ಬೀಟ್_ಬಿಲ್ಡರ್

ಮೂರು ಜನರಲ್ಲಿ ಇಬ್ಬರದ್ದು ತಡದ ಕಡೆ, ಒಬ್ಬರದ್ದು ಬೇಗದ ಕಡೆ.

ಸ್ಯಾಂಪಲ್48

ಹಾಗಿದ್ದರೆ ಆಫ್‌ಸೆಟ್ ಮುಟ್ಟಬೇಡಿ, ಅದು ಸಾಧನದ್ದಾಗಿದ್ದರೆ ಮೂವರದ್ದೂ ಒಂದೇ ಕಡೆ ವಾಲುತ್ತಿತ್ತು. ಬಿಡುವ ವಿಂಡೋ ಅಗಲ ಮಾಡಿ, ಅಲ್ಲಿ ಪರ್ಫೆಕ್ಟ್, ಗ್ರೇಟ್ ಅಂತ ಭಾಗ ಮಾಡದೆ ಬಿಟ್ಟಿದ್ದು ಸರಿ, ತಪ್ಪು ಅಂತ ಎರಡೇ ಇಡಿ. ಎಷ್ಟು ಅಗಲ ಅನ್ನೋದಕ್ಕೆ ಇನ್ನೂ ಕೆಲವರ ಲೆಕ್ಕ ಬೇಕು. ಅಳೆದಾಗ ಫೈಲ್ ಇಲ್ಲೇ ಹಾಕಿ, ನೋಡೋಣ.